ಹಳೇ ಕ್ರಯಪತ್ರದ ಮಡಿಕೆಯಲ್ಲಿ ಅಕ್ಷರ ಹೋಗಿದ್ದರೆ ನಕಲಿನಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಮ್ಮ ಮುತ್ತಜ್ಜ 1930ರ ದಶಕದಲ್ಲಿ ದಾಯಾದಿಯೊಬ್ಬರಿಂದ ಹೊಲ ಕೊಂಡ ಕ್ರಯಪತ್ರ ಸಿಕ್ಕಿದೆ. ಟೈಪ್ ಮಾಡಿ ಮನೆಯವರಿಗೆಲ್ಲ ಕೊಡೋಣ ಅಂತಿದ್ದೇನೆ. ಮಡಿಚಿದ ಕಡೆ ಕಾಗದ ಸವೆದು ಅಕ್ಷರ ಹೋಗಿವೆ. ಬಲಗಡೆ ಅಂಚು ಹರಿದಿದೆ. ಒಂದು ಸಾಲಿನ ಕೊನೆಯಲ್ಲಿ ‘ನನ್ನ ಮಗ’ ಅಂತ ಇದೆ, ಆಮೇಲೆ ಕಾಗದವೇ ಇಲ್ಲ. ಕೆಳಗಿನ ಸಾಲು ‘ಮದುವೆ ಖರ್ಚಿಗಾಗಿ’ ಅಂತ ಶುರುವಾಗುತ್ತೆ. ಅವರು ಮಗಳ ಮದುವೆಗೆ ಹೊಲ ಮಾರಿದ್ದು ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ, ಅದಕ್ಕೆ ‘ಮಗಳ’ ಅಂತ ಹಾಕಿದೆ. ಹೀಗೆ ಗೊತ್ತಾಗುವ ಕಡೆ ತುಂಬಿಸಿದರೆ ತಪ್ಪೇನು? ಎಲ್ಲಾ ಕಡೆ ಚುಕ್ಕಿ ಇಟ್ಟರೆ ಯಾರೂ ಓದಲ್ಲ. ಸ್ಕೇಲ್ ಪಕ್ಕದಲ್ಲಿಟ್ಟು ತೆಗೆದ ಫೋಟೋಗಳನ್ನು, ನಾನು ಟೈಪ್ ಮಾಡಿದ ಪ್ರತಿಯನ್ನು ಕಳಿಸಿದ್ದೇನೆ.

ಉತ್ತರ: ಆ ‘ಳ’ ತೆಗೆದುಬಿಡಿ. ಅಲ್ಲಿ `ಮಗ[.]` ಅಂತ ಬರೆಯಿರಿ. ಮನೆಯವರು ಹೇಳುವ ಮಾತನ್ನು ಕೆಳಗೆ ಟಿಪ್ಪಣಿಯಲ್ಲಿ ಹಾಕಿ. ಅದು ಬೇಡದ ಮಾತೇನಲ್ಲ, ಆದರೆ ಅದರ ಜಾಗ ಪತ್ರದ ಒಳಗಲ್ಲ.

ಯಾಕೆ ಅಂದರೆ, ಆ ಜಾಗದಲ್ಲಿ ಹೋಗಿರುವುದು ಒಂದೇ ಅಕ್ಷರ. ‘ಮಗಳ ಮದುವೆ’ ಎಷ್ಟು ಸರಿಯಾಗಿ ಕೂರುತ್ತದೋ ‘ಮಗನ ಮದುವೆ’ಯೂ ಅಷ್ಟೇ ಸರಿಯಾಗಿ ಕೂರುತ್ತದೆ. ‘ನ’ ಮತ್ತು ‘ಳ’ ಎರಡೂ ಈ ಬರಹಗಾರನ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಅಗಲ ಇವೆ. ಹೊಲ ಮಾರಬೇಕಾಗಿ ಬಂದದ್ದು ಅಂದರೆ ಮಗಳ ಮದುವೆಗೇ ಇರಬೇಕು ಅಂತ ನಮಗೆ ಈಗ ಅನ್ನಿಸುತ್ತದೆ. ಆದರೆ ಆಗ ಎಷ್ಟೋ ಸಮುದಾಯಗಳಲ್ಲಿ ಗಂಡಿನ ಕಡೆಯವರು ಹೆಣ್ಣಿಗೆ ತೆರ ಕೊಡುವ ಪದ್ಧತಿ ಇತ್ತು. ಮಗನ ಮದುವೆಗೂ ಹಣ ಹೊಂದಿಸಬೇಕಾಗುತ್ತಿತ್ತು. ಇನ್ನೊಂದು ಅನುಮಾನವೂ ನನಗಿದೆ. ಮನೆಯಲ್ಲಿ ಓಡಾಡುವ ಆ ಮಾತು ಎಲ್ಲಿಂದ ಬಂತು? ಯಾರೋ ಹಿರಿಯರು ಇದೇ ಹರಿದ ಸಾಲನ್ನು ಓದಿ, ನಿಮ್ಮ ಹಾಗೇ ಊಹಿಸಿ ಹೇಳಿರಬಹುದು. ಈಗ ನೀವು ‘ಮಗಳ’ ಅಂತ ಟೈಪ್ ಮಾಡಿ ಹಂಚಿದರೆ ಊಹೆಗೆ ಪತ್ರವೇ ಸಾಕ್ಷಿ ಆಗಿಬಿಡುತ್ತದೆ. ಮುಂದಿನ ತಲೆಮಾರು ಮೂಲವನ್ನು ತೆಗೆದು ನೋಡುವುದಿಲ್ಲ, ನಿಮ್ಮ ಪ್ರಿಂಟ್ ನೋಡುತ್ತದೆ.

ಹಾಗಂತ ಎಲ್ಲಾ ಕಡೆ ಚುಕ್ಕಿ ಇಡಬೇಕು ಅಂತ ನಾನು ಹೇಳುವುದಿಲ್ಲ. ನಿಮ್ಮ ಪತ್ರದಲ್ಲೇ ಧೈರ್ಯವಾಗಿ ತುಂಬಿಸಬಹುದಾದ ಜಾಗಗಳಿವೆ. ಯಾವುದು ಯಾವುದು ಅಂತ ಮುಂದೆ ನೋಡೋಣ. ಅದಕ್ಕೆ ಮೊದಲು ನಿಜವಾಗಿ ಏನು ಹೋಗಿದೆ ಅನ್ನುವುದು ಗೊತ್ತಾಗಬೇಕು.

ಮಡಿಕೆಯಲ್ಲಿ ‘ಅಕ್ಷರ ಇಲ್ಲ’ ಅಂತ ಕಾಣುವುದಕ್ಕೆ ಮೂರು ಬೇರೆ ಬೇರೆ ಕಾರಣ ಇರುತ್ತವೆ. ಮೊದಲನೆಯದು, ಕಾಗದವೇ ಉದುರಿ ಹೋಗಿರುವುದು. ಅಲ್ಲಿ ಮಾಡುವುದಕ್ಕೆ ಏನೂ ಇಲ್ಲ. ಎರಡನೆಯದು, ಕಾಗದ ಇದೆ, ಮೇಲಿನ ಪದರ ಸವೆದು ಶಾಯಿ ಹೋಗಿದೆ. ಇಲ್ಲಿ ಇನ್ನೂ ಆಸೆ ಇಟ್ಟುಕೊಳ್ಳಬಹುದು. ಸ್ಟೀಲ್ ನಿಬ್ಬಿನಲ್ಲಿ ಒತ್ತಿ ಬರೆದ ಕಡೆ ಕಾಗದದ ಮೇಲೆ ಗೀರು ಉಳಿದಿರುತ್ತದೆ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಮೇಜಿಗೆ ತಾಗುವಷ್ಟು ಕೆಳಗಿಟ್ಟು, ಬೆಳಕು ಕಾಗದದ ಮೇಲೆ ಅಡ್ಡಡ್ಡ ಬೀಳುವ ಹಾಗೆ ಮಾಡಿ. ನಾಲ್ಕೂ ದಿಕ್ಕಿನಿಂದ ಒಂದೊಂದು ಫೋಟೋ ತೆಗೆಯಿರಿ. ಒಂದು ದಿಕ್ಕಿನಲ್ಲಿ ಕಾಣದ ಗೀರು ಇನ್ನೊಂದರಲ್ಲಿ ಕಾಣುತ್ತದೆ.

ಮೂರನೆಯದು ಜನ ಜಾಸ್ತಿ ಏಮಾರುವ ಜಾಗ: ಏನೂ ಹೋಗಿಲ್ಲ, ಕಾಗದ ಸರಿದಿದೆ ಅಷ್ಟೆ. ನಿಮ್ಮ ಪತ್ರದ ಮಧ್ಯದ ಉದ್ದ ಮಡಿಕೆಗೆ ಯಾರೋ ಹಿಂದೆ ಸೆಲ್ಲೋ ಟೇಪ್ ಹಾಕಿದ್ದಾರೆ. ಫೋಟೋದ ಮೇಲ್ಭಾಗದಲ್ಲಿ ಎರಡು ತುಂಡುಗಳ ಅಂಚು ಒಂದರ ಮೇಲೊಂದು ಕೂತಿದೆ, ಕೆಳಗೆ ಬರುತ್ತಾ ಬಾಯಿ ಬಿಟ್ಟಿದೆ. ಅಂದರೆ ಮೇಲ್ಭಾಗದಲ್ಲಿ ಅಕ್ಷರದ ಒಂದು ಭಾಗ ಇನ್ನೊಂದು ತುಂಡಿನಡಿ ಮುಚ್ಚಿಹೋಗಿದೆ. ಕೆಳಗೆ ಇಲ್ಲದ ಖಾಲಿ ಜಾಗ ಹುಟ್ಟಿಕೊಂಡಿದೆ. ಕೆಳಗಿನ ಸಾಲುಗಳಲ್ಲಿ ನೀವು ‘ಎರಡು ಅಕ್ಷರ ಹೋಗಿದೆ’ ಅಂತ ಗುರುತು ಹಾಕಿರುವ ಕಡೆ ನಿಜವಾಗಿ ಹೋಗಿರುವುದು ಒಂದೇ ಇರಬಹುದು. ಇದನ್ನು ತಿಳಿಯುವುದಕ್ಕೆ ಒಂದು ದಾರಿ ಇದೆ. ಮಡಿಕೆಯ ಮೇಲೇ ಬಿದ್ದು ಅರ್ಧರ್ಧ ಆಗಿರುವ ಅಕ್ಷರವೊಂದನ್ನು ಹುಡುಕಿ, ‘ಕ’ ಅಥವಾ ‘ಅ’ ಇದ್ದರೆ ಒಳ್ಳೆಯದು. ಬೇರೆ ಕಡೆ ಅದೇ ಅಕ್ಷರ ಎಷ್ಟು ಅಗಲ ಇದೆ ಅಳೆಯಿರಿ. ಮಡಿಕೆಯಲ್ಲಿ ಅದು ಅಗಲವಾಗಿದ್ದರೆ ತುಂಡುಗಳು ದೂರ ಸರಿದಿವೆ, ಕಿರಿದಾಗಿದ್ದರೆ ಒಂದರ ಮೇಲೊಂದು ಹತ್ತಿವೆ. ಟೇಪನ್ನು ಮಾತ್ರ ಕೀಳಲು ಹೋಗಬೇಡಿ, ಅದರ ಜೊತೆ ಶಾಯಿಯೂ ಬರುತ್ತದೆ. ಹೊಸ ಟೇಪ್ ಹಾಕುವುದೂ ಬೇಡ. ಮಡಿಕೆಯಿಂದ ಉದುರಿದ ಪುಡಿ ಚೂರು ಇದ್ದರೆ ಒಂದು ಲಕೋಟೆಯಲ್ಲಿ ಹಾಕಿಡಿ. ಎಳ್ಳಿನಷ್ಟು ಚೂರಿನಲ್ಲೂ ಒಂದು ಒತ್ತು ಇರಬಹುದು.

ಇನ್ನೊಂದು ಕಡೆಯೂ ಹುಡುಕಬೇಕು. ಪತ್ರವನ್ನು ಶಾಯಿ ಪೂರ್ತಿ ಒಣಗುವ ಮುಂಚೆ ಮಡಿಚಿದ್ದರೆ, ಅಥವಾ ಆಮೇಲೆ ಯಾವಾಗಲಾದರೂ ತೇವ ತಗುಲಿದ್ದರೆ, ಅಕ್ಷರಗಳು ಎದುರಿನ ಮಡಿಕೆಯ ಮೇಲೆ ತಿರುಗುಮುರುಗಾಗಿ ಅಚ್ಚೊತ್ತಿರುತ್ತವೆ. ನಿಮ್ಮ ಎರಡನೇ ಫೋಟೋದಲ್ಲಿ ಎಡ ಭಾಗದಲ್ಲಿ ತೆಳ್ಳಗೆ ಕಲೆ ಥರ ಕಾಣುತ್ತಿರುವುದು ಅದೇ. ಆ ಫೋಟೋವನ್ನು ಮೊಬೈಲಿನಲ್ಲಿ ಕನ್ನಡಿ ಥರ ಅಡ್ಡಕ್ಕೆ ತಿರುಗಿಸಿ, ಕಪ್ಪು ಬಿಳುಪು ಮಾಡಿ ನೋಡಿ. ಮಡಿಕೆಯಿಂದ ಬಲಕ್ಕೆ 3 ಸೆಂ.ಮೀ. ದೂರದ ಅಕ್ಷರ, ಮಡಿಕೆಯಿಂದ ಎಡಕ್ಕೆ 3 ಸೆಂ.ಮೀ. ದೂರದಲ್ಲೇ ಅಚ್ಚಾಗಿರುತ್ತದೆ. ಹರಿದುಹೋದ ಬಲ ಅಂಚಿನ ಅಕ್ಷರಗಳ ಅಚ್ಚು ಸಿಕ್ಕರೆ ಎಡ ಅಂಚಿನಲ್ಲೇ ಸಿಗಬೇಕು. ‘ಮಗ’ ಆದಮೇಲಿನ ಅಕ್ಷರಕ್ಕೂ ಅಲ್ಲೇ ಹುಡುಕಿ. ಅಲ್ಲಿ ‘ಳ’ ಕಂಡರೆ ಅದು ಊಹೆ ಅಲ್ಲ, ಓದು. ಆಗ ಬ್ರಾಕೆಟ್ಟೂ ಬೇಡ, ‘ಎದುರು ಅಚ್ಚಿನಿಂದ ಓದಿದ್ದು’ ಅಂತ ಟಿಪ್ಪಣಿ ಸಾಕು.

ಈಗ ಲೆಕ್ಕಕ್ಕೆ ಬರೋಣ. ಚುಕ್ಕಿ ಸುಮ್ನೆ ಇಡುವುದಲ್ಲ. ಎಷ್ಟು ಅಕ್ಷರಕ್ಕೆ ಜಾಗ ಇತ್ತು ಅನ್ನುವುದನ್ನು ಆ ಚುಕ್ಕಿ ಹೇಳಬೇಕು. ಹೋದದ್ದಕ್ಕಿಂತ ಅದಕ್ಕಿದ್ದ ಜಾಗವೇ ಎಷ್ಟೋ ಸಲ ಜಾಸ್ತಿ ಹೇಳುತ್ತದೆ.

ಅದೇ ಸಾಲಿನಲ್ಲಿ, ಹಾಳಾಗದ ಕಡೆ, ಹತ್ತು ಅಕ್ಷರ ಎಣಿಸಿ ಎಷ್ಟು ಮಿ.ಮೀ. ಅಂತ ಅಳೆಯಿರಿ. ನಿಮ್ಮ ಫೋಟೋದಲ್ಲಿ ಸ್ಕೇಲ್ ಇರುವುದರಿಂದ ನಾನೂ ಅಳೆದೆ. ಹತ್ತಕ್ಕೆ ಸುಮಾರು 45 ಮಿ.ಮೀ. ಬರುತ್ತದೆ, ಅಂದರೆ ಒಂದಕ್ಕೆ ನಾಲ್ಕೂವರೆ. ಅಕ್ಷರ ಅಂದರೆ ನಾವು ಬಾಯಲ್ಲಿ ಎಣಿಸುವ ಅಕ್ಷರ. ‘ತ್ತೈ’ ಒಂದೇ ಅಕ್ಷರ, ಅದಕ್ಕೆ ಒಂದೇ ಚುಕ್ಕಿ. ಒತ್ತು ಕೆಳಗೆ ಹೋಗುತ್ತದೆ, ಅಗಲ ಅಷ್ಟೇನೂ ಕೂಡುವುದಿಲ್ಲ. ದೀರ್ಘ, ಕೊಂಬು, ಸೊನ್ನೆ ಬಂದರೆ ಬಲಕ್ಕೆ ಬೆಳೆಯುತ್ತದೆ. ‘ರ’, ‘ದ’ ಕಿರಿದು, ‘ಣ’, ‘ಯ’, ‘ಮ’ ಅಗಲ. ಅದಕ್ಕೇ ಐದು ಅಕ್ಷರ ಮೀರಿದ ಖಾಲಿಗೆ ಒಂದೊಂದೇ ಚುಕ್ಕಿ ಇಡುವುದರಲ್ಲಿ ಅರ್ಥ ಇಲ್ಲ. `[±7]` ಅಂತ ಬರೆಯಿರಿ. ಏಳು, ಒಂದು ಆಚೀಚೆ ಇರಬಹುದು ಅಂತ. ಎಷ್ಟು ಅಂತ ಗೊತ್ತೇ ಆಗದ ಕಡೆ `[---]`.

ಹರಿದ ಅಂಚಿಗೆ ಈ ಲೆಕ್ಕ ಹೇಗೆ ಮಾಡುವುದು, ಅಳೆಯಲು ಆಚೆ ಬದಿಯೇ ಇಲ್ಲವಲ್ಲ ಅಂತ ಕೇಳಬಹುದು. ಅದಕ್ಕೆ ಮಡಿಕೆಯೇ ದಾರಿ ತೋರಿಸುತ್ತದೆ. ಪತ್ರವನ್ನು ಮಧ್ಯಕ್ಕೆ ಸರಿಯಾಗಿ ಮಡಿಚಿದ್ದರೆ ಎಡ ಅರ್ಧ ಎಷ್ಟಿದೆಯೋ ಬಲ ಅರ್ಧವೂ ಅಷ್ಟೇ ಇತ್ತು. ನಿಮ್ಮದರಲ್ಲಿ ಎಡ ಅರ್ಧ 101 ಮಿ.ಮೀ. ಇದೆ. ಒಟ್ಟು 202. ಇದು ಆ ಕಾಲದ ಫುಲ್‌ಸ್ಕೇಪ್ ಹಾಳೆಯ ಎಂಟು ಇಂಚು ಅಗಲಕ್ಕೆ ಸರಿಹೊಂದುತ್ತದೆ, ಹಾಗಾಗಿ ಮಡಿಕೆ ನಡುವೆಯೇ ಬಿದ್ದಿದೆ ಅಂತ ನಂಬಬಹುದು. ‘ನನ್ನ ಮಗ’ ಇರುವ ಸಾಲಿನಲ್ಲಿ ಮಡಿಕೆಯಿಂದ ಹರಿದ ಅಂಚಿನವರೆಗೆ 91 ಉಳಿದಿದೆ. ಹೋಗಿರುವುದು 10 ಮಿ.ಮೀ. ಮೇಲೆ ಹರಿಯದ ಸಾಲುಗಳಲ್ಲಿ ಬರಹಗಾರ ಬಲಕ್ಕೆ ಬಿಟ್ಟ ಮಾರ್ಜಿನ್ ಸುಮಾರು 5 ಮಿ.ಮೀ. ಉಳಿಯಿತು 5. ಒಂದೇ ಅಕ್ಷರದ ಜಾಗ. ಅದಕ್ಕೇ ಮೊದಲೇ `ಮಗ[.]` ಅಂದಿದ್ದು. ‘ಮಗನಾದ ಇಂಥವನ’ ಅಂತೆಲ್ಲ ಬರೆಯಲು ಅಲ್ಲಿ ಜಾಗವೇ ಇಲ್ಲ. ನೋಡಿ, ಯಾವ ಅಕ್ಷರ ಅಂತ ಗೊತ್ತಾಗದಿದ್ದರೂ ಅಲ್ಲಿ ಹೆಸರು ಇರಲಿಲ್ಲ ಅಂತ ಗೊತ್ತಾಯಿತು. ಟೈಪ್ ಮಾಡುವಾಗ, ಅಂಚು ಹರಿದಿರುವುದು ಪ್ರತಿ ಸಾಲಿನಲ್ಲೂ ಬೇರೆ ಬೇರೆ ಅಳತೆ ಇರುತ್ತದೆ ಅನ್ನುವುದು ನೆನಪಿರಲಿ. ಪ್ರತಿ ಸಾಲಿಗೂ ಬೇರೆ ಅಳೆಯಬೇಕು.

ಇನ್ನು ತುಂಬಿಸುವ ವಿಷಯ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಜಾಗಕ್ಕೆ, ಉಳಿದ ಗೆರೆಗಳಿಗೆ, ಈ ವಾಕ್ಯಕ್ಕೆ ಒಪ್ಪುವ ಎರಡನೇ ಪದ ಇದೆಯಾ? ಇದ್ದರೆ ಚುಕ್ಕಿ. ಇಲ್ಲದಿದ್ದರೆ ಬ್ರಾಕೆಟ್ ಒಳಗೆ ಪದ. ಎರಡನೇ ಪದವನ್ನು ಸೋಮಾರಿತನ ಮಾಡದೆ ಹುಡುಕಬೇಕು, ಅಷ್ಟೆ. ಮೊದಲು ಹೊಳೆದ ಪದ ಚೆನ್ನಾಗಿ ಕೂತುಬಿಟ್ಟರೆ ಮನಸ್ಸು ಅಲ್ಲಿಗೇ ನಿಂತುಬಿಡುತ್ತದೆ.

ನಿಮ್ಮ ಪತ್ರದ ಹಣದ ಸಾಲನ್ನೇ ತೆಗೆದುಕೊಳ್ಳಿ. ‘ನೂರ ಇಪ್ಪ’, ಆಮೇಲೆ ಮಡಿಕೆ, ಆಮೇಲೆ ‘ದು ರೂಪಾಯಿಗಳಿಗೆ’. ಮಡಿಕೆಯಲ್ಲಿ 5 ಮಿ.ಮೀ., ಒಂದು ಅಕ್ಷರ. ನೀವು ‘ಇಪ್ಪತ್ತೈದು’ ಅಂತ ತುಂಬಿಸಿದ್ದೀರಿ. ಆದರೆ ‘ಇಪ್ಪತ್ತೊಂದು’ ಕೂಡ ‘ದು’ ಅಂತಲೇ ಮುಗಿಯುತ್ತದೆ, ಅದರಲ್ಲೂ ಮಧ್ಯೆ ಒಂದೇ ಅಕ್ಷರ. ಅನುಸ್ವಾರದ ಸೊನ್ನೆ ಸ್ವಲ್ಪ ಜಾಗ ಕೇಳುತ್ತದೆ ನಿಜ, ಆದರೆ ಅಷ್ಟು ಸೂಕ್ಷ್ಮ ಅಳತೆಯನ್ನು ಸವೆದ ಮಡಿಕೆಯಲ್ಲಿ ನಂಬಲು ಆಗುವುದಿಲ್ಲ. ಪಕ್ಕದಲ್ಲಿ ಅಂಕಿಯಲ್ಲಿ ಬರೆದಿರುವುದೂ ಅದೇ ಮಡಿಕೆಗೆ ಬಿದ್ದಿದೆ: ೧೨ ಇದೆ, ಮೂರನೇ ಅಂಕಿ ಇಲ್ಲ. ಹಾಗಾದರೆ ಚುಕ್ಕಿಯೇ ಗತಿಯಾ? ಇಲ್ಲ. ನಾಲ್ಕು ಸಾಲು ಕೆಳಗೆ ಹೋಗಿ. ‘ಈ ಮೊದಲೇ ಸಂದ ನಲವತ್ತು ರೂಪಾಯಿ’, ‘ಈ ದಿವಸ ಸಾಕ್ಷಿಗಳ ಎದುರು ಪಡೆದ ಎಂಭತ್ತೈದು ರೂಪಾಯಿ’ ಅಂತ ಇದೆ, ಎರಡೂ ಸ್ವಚ್ಛವಾಗಿವೆ. ಕೂಡಿಸಿದರೆ ನೂರ ಇಪ್ಪತ್ತೈದು. ಈಗ ‘ಇಪ್ಪತ್ತೊಂದು’ ಬಿದ್ದುಹೋಯಿತು. `ಇಪ್ಪ[ತ್ತೈ]ದು` ಅಂತ ಬರೆಯಿರಿ, ಅಂಕಿಯನ್ನು `೧೨[೫]` ಅಂತ. ಟಿಪ್ಪಣಿಯಲ್ಲಿ ಲೆಕ್ಕ ಕೊಡಿ. ನಿಮ್ಮ ಉತ್ತರ ಮೊದಲೂ ಇದೇ ಆಗಿತ್ತು. ಆದರೆ ಈಗ ಓದುವವರು ಬೇಕಾದರೆ ತಾವೇ ಕೂಡಿಸಿ ನೋಡಬಹುದು.

ತಾರೀಖಿನಲ್ಲಿ ಮಾತ್ರ ನೀವು ತಪ್ಪು ತುಂಬಿಸಿದ್ದೀರಿ. ಪತ್ರದಲ್ಲಿ ‘೧೯೩’ ಆದಮೇಲೆ ಮಡಿಕೆ. ಇಂಗ್ಲಿಷ್ ತಿಂಗಳು ಇದ್ದ ಜಾಗ ಪೂರ್ತಿ ಹೋಗಿದೆ. ಮುಂದೆ ‘ಆಂಗೀರಸ ಸಂ|| ಮಾಘ ಶು|| ೫’ ಅಂತ ಚೆನ್ನಾಗಿ ಕಾಣುತ್ತದೆ. ನೀವು ಸಂವತ್ಸರದ ಪಟ್ಟಿ ನೋಡಿ, ಆಂಗೀರಸ ಅಂದರೆ 1932 ಅಂತ 2 ಹಾಕಿದ್ದೀರಿ. ಆಂಗೀರಸ ಶುರುವಾಗುವುದು 1932ರ ಯುಗಾದಿಗೆ, ಮುಗಿಯುವುದು 1933ರ ಯುಗಾದಿಯ ಹಿಂದಿನ ದಿನ. ಮಾಘ ಮಾಸ ಆ ಸಂವತ್ಸರದ ಕೊನೆಗೆ, ಜನವರಿ ಕೊನೆ ಮತ್ತು ಫೆಬ್ರವರಿಯಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಇಸವಿ ಬದಲಾಗಿರುತ್ತದೆ. ಹಾಗಾಗಿ ಅದು `೧೯೩[೩]`. ಇದು ಗಟ್ಟಿ, ಯಾಕೆಂದರೆ ಆ ವರ್ಷದ ಮಾಘದ ಯಾವ ತಿಥಿ ತೆಗೆದುಕೊಂಡರೂ 1933ರಲ್ಲೇ ಬೀಳುತ್ತದೆ. ಇದೇ ಪತ್ರದಲ್ಲಿ ಮಾಘದ ಬದಲು ಪುಷ್ಯ ಅಂತ ಇದ್ದು ತಿಥಿಯೂ ಹರಿದುಹೋಗಿದ್ದರೆ ನಾನು ಚುಕ್ಕಿ ಇಡುತ್ತಿದ್ದೆ. ಆ ಸಲದ ಪುಷ್ಯ ಡಿಸೆಂಬರ್ ಕೊನೆಗೇ ಶುರುವಾಗಿ ಜನವರಿಗೆ ಹೋಗಿತ್ತು, ಎರಡು ಇಸವಿಗೂ ಸೇರುತ್ತಿತ್ತು.

ಮಾಮೂಲಿ ಒಕ್ಕಣೆಯ ಸಾಲುಗಳು ಸುಲಭ ಅಂತ ಕಾಣುತ್ತವೆ. ಕ್ರಯಪತ್ರಗಳಲ್ಲಿ ಅಷ್ಟಭೋಗದ ಪಟ್ಟಿ ಬರುತ್ತದಲ್ಲ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ. ನಿಮ್ಮದರಲ್ಲಿ ‘ಜಲ’ ಆದಮೇಲೆ ಮಡಿಕೆ, ಆಮೇಲೆ ‘ಷಾಣ’. ಯಾರಾದರೂ ‘ಪಾ’ ಅನ್ನುತ್ತಾರೆ. ಸರಿಯೇ. ಆದರೂ ಇಲ್ಲೂ ಅಳತೆ ನೋಡಬೇಕು. ಕೆಲವು ಬರಹಗಾರರು ‘ಜಲ ತರು ಪಾಷಾಣ’ ಅಂತ ಬರೆಯುವ ರೂಢಿ ಇತ್ತು. ‘ತರು ಪಾ’ ಹಿಡಿಸಬೇಕಾದರೆ 13, 14 ಮಿ.ಮೀ. ಬೇಕು. ನಿಮ್ಮ ಮಡಿಕೆಯಲ್ಲಿ ಇರುವುದು 6. ದೀರ್ಘ ಇರುವ ಒಂದು ಅಕ್ಷರಕ್ಕೆ ಸರಿಯಾಗುತ್ತದೆ. `ಜಲ [ಪಾ]ಷಾಣ`. ಒಕ್ಕಣೆ ಬಾಯಿಪಾಠ ಬರುವವರೇ ಇಂಥ ಕಡೆ ಇಲ್ಲದ ಪದ ಸೇರಿಸಿಬಿಡುವುದು, ಅಳೆಯುವ ಅಗತ್ಯ ಅವರಿಗೆ ಕಾಣುವುದೇ ಇಲ್ಲ.

ಹೆಸರುಗಳ ವಿಷಯಕ್ಕೆ ಬಂದರೆ ನಾನು ಜಿಪುಣ. ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಕೆಂ’, ಮಡಿಕೆ, ‘ಗೌಡನ ಹೊಲ’ ಅಂತ ಇದೆ. ‘ಗೌ’ ಹಿಂದೆ ದೀರ್ಘದ ಬಾಲ ಮಾತ್ರ ಉಳಿದಿದೆ. ಮುಂದೆ ‘ಗೌಡ’ ಇರುವುದರಿಂದ ಹೋದ ಅಕ್ಷರ ‘ಏ’ ಸ್ವರದ್ದು ಅಂತ ಗೊತ್ತಾಗುತ್ತದೆ. ವ್ಯಂಜನ ಯಾವುದು? ಕೆಂಪೇಗೌಡ ಅಂತ ನೀವು ಹಾಕಿದ್ದೀರಿ, ಆ ಹೆಸರು ಎಲ್ಲರ ಬಾಯಲ್ಲೂ ಇದೆ. ಕೆಂಚೇಗೌಡನೂ ಅಷ್ಟೇ ಮಾಮೂಲಿ ಹೆಸರು. ಪತ್ರದಲ್ಲಿ ಅವನ ಹೆಸರು ಇನ್ನೊಂದು ಕಡೆ ಬಂದಿಲ್ಲ. `ಕೆಂ[.]ಗೌಡನ`, ಅಷ್ಟೇ. ಟಿಪ್ಪಣಿಯಲ್ಲಿ ‘ಏ ಸ್ವರದ ದೀರ್ಘ ಕಾಣುತ್ತದೆ, ಪೇ ಅಥವಾ ಚೇ’ ಅಂತ ಬರೆಯಿರಿ. ಗಡಿ ಯಾರದ್ದು ಅನ್ನುವುದು ಇವತ್ತಿಗೂ ಜಗಳ ತರುವ ವಿಷಯ ಅಂತ ನಾನು ಹೇಳಬೇಕಾಗಿಲ್ಲ.

ಅಡ್ಡ ಮಡಿಕೆಯ ತೊಂದರೆಯೇ ಬೇರೆ. ಉದ್ದ ಮಡಿಕೆ ಪ್ರತಿ ಸಾಲಿನಲ್ಲೂ ಒಂದೆರಡು ಅಕ್ಷರ ತಿನ್ನುತ್ತದೆ. ಅಡ್ಡ ಮಡಿಕೆ ಒಂದೇ ಸಾಲನ್ನು ಉದ್ದಕ್ಕೂ ಸೀಳುತ್ತದೆ. ಕೆಳಗಿನ ಅರ್ಧ ಹೋದರೆ ಒತ್ತುಗಳು ಹೋಗುತ್ತವೆ. ‘ದ’ ಮತ್ತು ‘ಧ’ ಬೇರೆ ಮಾಡುವ ಸೀಳೂ ಕೆಳಗೇ ಇರುವುದು. ಮೇಲಿನ ಅರ್ಧ ಹೋದರೆ ತಲೆಕಟ್ಟು, ಗುಡಿಸು ಹೋಗುತ್ತವೆ, ಆಗ ‘ತ’ ಮತ್ತು ‘ತಿ’ ಒಂದೇ. ನಿಮ್ಮ ಪತ್ರದಲ್ಲಿ ಮಾರಿದವರ ಹೆಸರು ಅಡ್ಡ ಮಡಿಕೆಯ ಮೇಲೆ ಬಿದ್ದಿದೆ. ಅದು ತಿಮ್ಮಯ್ಯನೋ ತಮ್ಮಯ್ಯನೋ ಆ ಸಾಲಿನಲ್ಲಿ ಹೇಳಲು ಆಗುವುದಿಲ್ಲ. ಅಕ್ಷರ ಅರ್ಧ ಕಂಡರೆ ಅದನ್ನು ಬ್ರಾಕೆಟ್ ಒಳಗೆ ಹಾಕಬೇಡಿ, ಅದು ಕಳೆದದ್ದಲ್ಲ, ಅನುಮಾನದ್ದು. ನಾನು ಅಕ್ಷರದ ಮುಂದೆ ಪ್ರಶ್ನಾರ್ಥಕ ಇಡುತ್ತೇನೆ: `ತಿ?ಮ್ಮಯ್ಯ`. ಇಲ್ಲಿ ‘ತಿ’ ಅಂತ ಬರೆಯುವ ಧೈರ್ಯ ಎಲ್ಲಿಂದ ಬಂತು ಅಂದರೆ, ಕೊನೆಯಲ್ಲಿ ರುಜುವಿನ ಜಾಗದಲ್ಲಿ ‘ತಿಮ್ಮಯ್ಯನ ಎಡಗೈ ಹೆಬ್ಬೆಟ್ಟಿನ ಗುರುತು’ ಅಂತ ಪೂರ್ತಿ ಇದೆ. ಅಡ್ಡ ಮಡಿಕೆಯ ಸಾಲಿನಲ್ಲಿ ಹೆಸರಿನ ಮುಂದೆ ‘ಬಿನ್’ ಅರ್ಧ ಕಾಣುತ್ತದೆ, ತಂದೆಯ ಹೆಸರು ಮತ್ತೆ ಟೇಪಿನಡಿ. ತಂದೆ ಹೆಸರು ನಿಮಗೆ ವಂಶವೃಕ್ಷದಿಂದ ಗೊತ್ತಿರಬಹುದು. ಆದರೂ ಪತ್ರದೊಳಗೆ ಹಾಕಬೇಡಿ. ಈ ತಿಮ್ಮಯ್ಯ ನಿಮ್ಮ ವಂಶವೃಕ್ಷದ ತಿಮ್ಮಯ್ಯನೇ ಹೌದಾ ಅನ್ನುವುದಕ್ಕೆ ಪುರಾವೆ ಆಗಬೇಕಾದ್ದೇ ಈ ಸಾಲು. ವಂಶವೃಕ್ಷ ನೋಡಿ ಸಾಲು ತುಂಬಿಸಿ, ಆಮೇಲೆ ಸಾಲು ತೋರಿಸಿ ವಂಶವೃಕ್ಷ ಸರಿ ಅಂದರೆ ಸುತ್ತಿ ಸುತ್ತಿ ಅಲ್ಲಿಗೇ ಬಂದಂತಾಯಿತು ಅಲ್ವಾ?

ಗುರುತುಗಳ ಬಗ್ಗೆ ಒಂದು ಮಾತು. ನಾನು ಹೇಳಿದ ಚೌಕ ಬ್ರಾಕೆಟ್ಟಿನ ಪದ್ಧತಿಗೆ ಲೈಡನ್ ಪದ್ಧತಿ ಅಂತ ಹೆಸರು. ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ 1931ರಲ್ಲಿ ಸೇರಿದ ವಿದ್ವಾಂಸರು, ಹಳೇ ಪಪೈರಸ್ ಹಾಳೆಗಳನ್ನೂ ಶಾಸನಗಳನ್ನೂ ಅಚ್ಚು ಹಾಕುವಾಗ ಎಲ್ಲರೂ ಒಂದೇ ಗುರುತು ಬಳಸೋಣ ಅಂತ ಒಪ್ಪಿದ್ದು. ಅದರಲ್ಲಿ ಚೌಕ ಬ್ರಾಕೆಟ್ ಅಂದರೆ ಕಳೆದುಹೋದದ್ದು, ದುಂಡು ಬ್ರಾಕೆಟ್ ಅಂದರೆ ಸಂಕ್ಷೇಪವನ್ನು ಬಿಡಿಸಿದ್ದು: `ಸಂ(ವತ್ಸರ)`. ಅನುಮಾನದ ಅಕ್ಷರದ ಕೆಳಗೆ ಅವರು ಚುಕ್ಕಿ ಇಡುತ್ತಾರೆ. ಕನ್ನಡದಲ್ಲಿ ಅದು ಒತ್ತಿನ ಜೊತೆ ಸಿಕ್ಕಿಹಾಕಿಕೊಳ್ಳುತ್ತದೆ, ಫಾಂಟುಗಳಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಅದಕ್ಕೇ ನಾನು ಪ್ರಶ್ನಾರ್ಥಕಕ್ಕೆ ಹೋಗಿದ್ದು. ನಮ್ಮ ದೇಶದ ಶಾಸನ ಸಂಪಾದಕರ ರೂಢಿ ಸ್ವಲ್ಪ ಬೇರೆ. ಎಪಿಗ್ರಾಫಿಯಾ ಇಂಡಿಕಾದಲ್ಲಿ ಬರೀ ಚೌಕ ಬ್ರಾಕೆಟ್ ಇದ್ದರೆ ಅಕ್ಷರ ಅಸ್ಪಷ್ಟ ಅಂತ, ಒಳಗೆ ನಕ್ಷತ್ರವೂ ಇದ್ದರೆ ಸಂಪಾದಕರು ಸೇರಿಸಿದ್ದು ಅಂತ. ಎರಡೂ ಸರಿಯೇ. ಆದರೆ ನಿಮ್ಮ ನಕಲಿನ ತಲೆಯಲ್ಲೇ ನಾಲ್ಕು ಸಾಲಿನಲ್ಲಿ ಯಾವ ಗುರುತಿಗೆ ಏನರ್ಥ ಅಂತ ಬರೆಯದಿದ್ದರೆ, ಶಾಸನ ಓದಿ ರೂಢಿ ಇರುವವರು ನಿಮ್ಮ ಊಹೆಯನ್ನು ‘ಅಸ್ಪಷ್ಟವಾಗಿ ಕಂಡದ್ದು’ ಅಂತ ಓದಿಕೊಳ್ಳುತ್ತಾರೆ.

ಟೈಪ್ ಮಾಡುವಾಗ ಕಾಡುವ ಒಂದು ಸಣ್ಣ ಉಪದ್ರವ ಇದೆ. ಮೂರು ಚುಕ್ಕಿ ಒಟ್ಟಿಗೆ ಹೊಡೆದರೆ ಎಷ್ಟೋ ವರ್ಡ್ ಪ್ರೊಸೆಸರ್‌ಗಳು ತಾವಾಗಿಯೇ ಅದನ್ನು `…` ಅನ್ನುವ ಒಂದೇ ಚಿಹ್ನೆ ಮಾಡಿಬಿಡುತ್ತವೆ. ನಾಲ್ಕು ಹೊಡೆದರೆ ಆ ಚಿಹ್ನೆ, ಜೊತೆಗೆ ಒಂದು ಚುಕ್ಕಿ. ಅಲ್ಲಿಗೆ ನಿಮ್ಮ ಲೆಕ್ಕ ಕೆಟ್ಟಿತು. ಆ ಸ್ವಯಂ ತಿದ್ದುಪಡಿಯನ್ನು ಆಫ್ ಮಾಡಿ, ಅಥವಾ ಮೂರು ಮತ್ತು ಅದಕ್ಕಿಂತ ಜಾಸ್ತಿ ಇರುವ ಕಡೆ `[±3]` ಅಂತಲೇ ಬರೆಯಿರಿ. ಮೂಲದ ಸಾಲು ಎಲ್ಲಿ ಮುರಿಯುತ್ತದೋ ನಿಮ್ಮ ನಕಲಿನಲ್ಲೂ ಅಲ್ಲೇ ಮುರಿಯಿರಿ, ಸಾಲಿಗೆ ನಂಬರ್ ಹಾಕಿ. ಸಾಲುಗಳನ್ನು ಸೇರಿಸಿಬಿಟ್ಟರೆ ಯಾವ ಚುಕ್ಕಿ ಮಡಿಕೆಯದ್ದು, ಯಾವುದು ಹರಿದ ಅಂಚಿನದ್ದು ಅಂತ ಆಮೇಲೆ ನಿಮಗೇ ಗೊತ್ತಾಗುವುದಿಲ್ಲ.

‘ಯಾರೂ ಓದಲ್ಲ’ ಅನ್ನುವ ನಿಮ್ಮ ಚಿಂತೆ ನಿಜವಾದದ್ದೇ. ಅದಕ್ಕೆ ಎರಡು ಪ್ರತಿ ಮಾಡಿ. ಒಂದು, ಸಾಲು ಸಾಲಾಗಿ ಗುರುತುಗಳ ಜೊತೆ. ಇನ್ನೊಂದು, ಪತ್ರದಲ್ಲಿ ಏನಿದೆ ಅನ್ನುವುದನ್ನು ನಿಮ್ಮ ಮಾತಿನಲ್ಲಿ ಹೇಳುವ ಒಂದು ಪುಟ: ‘ತಿಮ್ಮಯ್ಯ 1933ರಲ್ಲಿ 125 ರೂಪಾಯಿಗೆ ಹೊಲ ಮಾರಿದರು. ಮದುವೆ ಖರ್ಚಿಗೆ ಅಂತ ಪತ್ರ ಹೇಳುತ್ತದೆ. ಯಾರ ಮದುವೆ ಅನ್ನುವ ಅಕ್ಷರ ಹರಿದಿದೆ. ಮಗಳದ್ದು ಅಂತ ಮನೆಯಲ್ಲಿ ಹೇಳುತ್ತಾರೆ.’ ಹಂಚುವುದಕ್ಕೆ ಇದು. ಹಿಂದೆ ಮೊದಲನೆಯದನ್ನೂ ಫೋಟೋಗಳನ್ನೂ ಸೇರಿಸಿ ಪಿನ್ ಮಾಡಿ. ಮಾಡಬಾರದ್ದು ಅಂದರೆ ಎರಡನ್ನೂ ಕಲಸಿ, ನಕಲಿನ ಥರ ಕಾಣುವ ಆದರೆ ನಕಲಲ್ಲದ ಮೂರನೆಯ ಒಂದನ್ನು ಮಾಡುವುದು.

ಕೊನೆಯದಾಗಿ, ಪತ್ರದ ಹಿಂಬದಿಯ ಫೋಟೋ ನೋಡಿ. ಅಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ಮೊಹರು ಇದೆ, ಅದರ ಕೆಳಗೆ 1ನೇ ಪುಸ್ತಕ, ವಾಲ್ಯೂಮ್, ಪುಟ ಮತ್ತು ನೋಂದಣಿ ನಂಬರ್ ಬರೆದಿದ್ದಾರೆ. ಸ್ಥಿರಾಸ್ತಿಯ ಪತ್ರ ನೋಂದಣಿಯಾದಾಗ ಅದರ ಪೂರ್ತಿ ಒಕ್ಕಣೆಯನ್ನು ಕಚೇರಿಯ 1ನೇ ಪುಸ್ತಕದಲ್ಲಿ ನಕಲು ಮಾಡಿಡುತ್ತಿದ್ದರು. ಆ ನಂಬರ್‌ಗಳನ್ನು ಕೊಟ್ಟು ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಆ ಕಚೇರಿಯ ವ್ಯಾಪ್ತಿ ಆಮೇಲೆ ಬದಲಾಗಿರಬಹುದು, ಹಳೇ ಪುಸ್ತಕ ಈಗ ಎಲ್ಲಿದೆ ಅಂತ ಮೊದಲು ವಿಚಾರಿಸಿ. ಕೋರ್ಟು, ಖಾತೆ ಕೆಲಸಕ್ಕೆ ಬೇಕಾಗುವುದೂ ಅದೇ, ನಿಮ್ಮ ಟೈಪ್ ಪ್ರತಿ ಅಲ್ಲ. ಅದು ಸಿಕ್ಕರೆ ‘ಮಗ’ ಆದಮೇಲೆ ಏನಿತ್ತು, ಗೌಡನ ಹೆಸರೇನು ಎಲ್ಲ ಗೊತ್ತಾಗಬಹುದು. ಆಗಲೂ ಬ್ರಾಕೆಟ್ ತೆಗೆಯಬೇಡಿ. ಕಚೇರಿಯ ಪುಸ್ತಕ ಇನ್ನೊಬ್ಬ ಗುಮಾಸ್ತ ನೋಡಿ ಬರೆದದ್ದು, ಅವನೂ ಕೆಂಚೇಗೌಡನನ್ನು ಕೆಂಪೇಗೌಡ ಅಂತ ಓದಿರಬಹುದು. ಅಲ್ಲಿಂದ ತಂದ ಅಕ್ಷರಗಳನ್ನು ಬ್ರಾಕೆಟ್ ಒಳಗೇ ಹಾಕಿ, ಅಡಿಗೆರೆ ಎಳೆಯಿರಿ. ತಲೆಯ ಗುರುತಿನ ಪಟ್ಟಿಯಲ್ಲಿ ‘ಅಡಿಗೆರೆ: ನೋಂದಣಿ ನಕಲಿನಿಂದ’ ಅಂತ ಒಂದು ಸಾಲು ಸೇರಿಸಿ.